ಯಾರೂ ಹೇಳದ ಮಾತನ್ನು ನಂಬುವುದು ಹೇಗೆ?

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಮಾಧ್ವ ಮನೆ. ತಾತ ಆಗಾಗ ಹೇಳೋರು, “ವೇದ ಸ್ವತಃ ಪ್ರಮಾಣ, ಅದಕ್ಕೆ ಕರ್ತೃ ಇಲ್ಲ” ಅಂತ. ವೇದ ನಿಜ ಅಂತ ವೇದವೇ ಹೇಳಿದರೆ ಅದು ಸುತ್ತಿಬಳಸಿ ಅಲ್ಲಿಗೇ ಬರೋ ವಾದ ಅಲ್ವಾ? ಯಾರೂ ರಚಿಸದ ಮಾತು ಇರೋದಾದ್ರೂ ಹೇಗೆ? ಅದರೊಳಗೆ ಮನುಷ್ಯರ ಹೆಸರುಗಳೇ ಇವೆಯಲ್ಲ?

ಉತ್ತರ:

ಮೊದಲು ಒಂದು ಗಂಟು ಬಿಡಿಸೋಣ. “ವೇದ ನಿಜ, ಯಾಕೆಂದರೆ ಹಾಗಂತ ವೇದವೇ ಹೇಳಿದೆ” ಎನ್ನುವುದು ಈ ಮಾತನ್ನು ವಾದವಾಗಿ ಬೆಳೆಸಿದ ಮೀಮಾಂಸಕರ, ಅಂದರೆ ವೇದವಾಕ್ಯಗಳ ಅರ್ಥ ವಿಚಾರಿಸುವ ದರ್ಶನದವರ, ವಾದವಲ್ಲ. ಅವರು ‘ಸ್ವತಃ ಪ್ರಮಾಣ’ ಎಂದಾಗ ವೇದಕ್ಕೆ ಮಾತ್ರ ಸಿಗುವ ವಿಶೇಷ ರಿಯಾಯಿತಿ ಕೇಳುತ್ತಿಲ್ಲ. ನಮಗೆ ಬರುವ ಪ್ರತಿಯೊಂದು ತಿಳಿವಳಿಕೆಯ ಬಗ್ಗೆಯೂ ಅವರು ಈ ಮಾತು ಹೇಳುತ್ತಾರೆ. 7ನೇ ಶತಮಾನದ ಕುಮಾರಿಲ ಭಟ್ಟರು ಶ್ಲೋಕವಾರ್ತಿಕದಲ್ಲಿ ನೇರವಾಗಿ ಬರೆದಿದ್ದಾರೆ: “ಸ್ವತಃ ಸರ್ವಪ್ರಮಾಣಾನಾಂ ಪ್ರಾಮಾಣ್ಯಮಿತಿ ಗೃಹ್ಯತಾಮ್.” ಎಲ್ಲ ಪ್ರಮಾಣಗಳಿಗೂ ಪ್ರಾಮಾಣ್ಯ, ಅಂದರೆ ನಿಜ ಎನ್ನುವುದು, ತಾನಾಗಿಯೇ ಇದೆ ಎಂದು ತಿಳಿಯಿರಿ ಎಂದರ್ಥ. ಇಲ್ಲಿರುವ ‘ಸರ್ವ’ ಎಂಬ ಪದವನ್ನು ಜನ ದಾಟಿಕೊಂಡು ಹೋಗುತ್ತಾರೆ. ಕಣ್ಣಿಂದ ಕಂಡದ್ದು, ಊಹಿಸಿ ತಿಳಿದದ್ದು, ಯಾರೋ ಹೇಳಿದ್ದು, ಎಲ್ಲಕ್ಕೂ ಒಂದೇ ನಿಯಮ.

ನೀವು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಪಕ್ಕದವರನ್ನು ಕೇಳುತ್ತೀರಿ. “ಕೊಪ್ಪದ ಬಸ್ಸು ಈಗಷ್ಟೇ ಹೋಯ್ತು” ಅನ್ನುತ್ತಾರೆ. ಆ ಕ್ಷಣಕ್ಕೆ ಬಸ್ಸು ಹೋಯಿತು ಎಂದು ನಿಮಗೆ ತಿಳಿದೇಬಿಟ್ಟಿತು. ಇವರು ಸತ್ಯವಂತರೋ, ಕಣ್ಣು ಸರಿ ಇದೆಯೋ ಎಂದು ವಿಚಾರಿಸಿ ಆಮೇಲೆ ನಂಬಲಿಲ್ಲ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸಲು ಶುರು ಮಾಡಿದಿರಿ. ಐದು ನಿಮಿಷಕ್ಕೆ ಆ ಬಸ್ಸೇ ಬಂದು ಎದುರು ನಿಂತರೆ ಹಳೆಯ ತಿಳಿವಳಿಕೆ ಬಿದ್ದುಹೋಗುತ್ತದೆ. ಅಥವಾ ಹೇಳಿದವರು ಬೇರೆ ಊರಿನವರು, ಬೋರ್ಡಿನ ಕನ್ನಡ ಓದಲು ಬಾರದವರು ಎಂದು ಗೊತ್ತಾದರೂ ಅದು ಅಲುಗಾಡುತ್ತದೆ.

ಕುಮಾರಿಲರ ಲೆಕ್ಕವೂ ಇಷ್ಟೇ. ತಿಳಿವಳಿಕೆ ಹುಟ್ಟುವಾಗಲೇ ‘ಹೀಗಿದೆ’ ಎಂಬ ಭರವಸೆಯನ್ನು ಜೊತೆಗೆ ತರುತ್ತದೆ. ಅದನ್ನು ಕೆಡವಲು ಎರಡೇ ದಾರಿ. ಒಂದು, ಅದಕ್ಕೆ ವಿರುದ್ಧವಾದ ಇನ್ನೊಂದು ತಿಳಿವಳಿಕೆ ಬರಬೇಕು. ಇದನ್ನು ಬಾಧಕ ಎನ್ನುತ್ತಾರೆ. ಇನ್ನೊಂದು, ಆ ತಿಳಿವಳಿಕೆ ಹುಟ್ಟಿದ ಮೂಲದಲ್ಲೇ ದೋಷ ಇದೆ ಎಂದು ಗೊತ್ತಾಗಬೇಕು. ಕಾಮಾಲೆ ಆದವನಿಗೆ ಬಿಳಿ ಶಂಖ ಹಳದಿಯಾಗಿ ಕಾಣುವ ಹಾಗೆ. ಇವೆರಡೂ ಇಲ್ಲದಿದ್ದರೆ ಸುಮ್ನೆ ಅನುಮಾನಪಡಲು ಕಾರಣವಿಲ್ಲ. ಅನುಮಾನ ಬಂದರೂ ಮೂರು ನಾಲ್ಕು ಸಲ ಪರೀಕ್ಷಿಸಿದರೆ ಸಾಕು, ಅದಕ್ಕಿಂತ ಜಾಸ್ತಿ ಬೇಡ ಎಂದು ಅವರೇ ಹೇಳುತ್ತಾರೆ.

ತರ್ಕವನ್ನು ಮುಖ್ಯವಾಗಿ ಹಿಡಿದ ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಇದನ್ನು ಒಪ್ಪುವುದಿಲ್ಲ. ತಿಳಿವಳಿಕೆ ಸರಿ ಎಂದು ಗೊತ್ತಾಗುವುದು ಹೊರಗಿನಿಂದ ಎನ್ನುತ್ತಾರೆ. ದೂರದಲ್ಲಿ ನೀರು ಕಂಡಿತು. ಹೋಗಿ ಕುಡಿದೆ, ಬಾಯಾರಿಕೆ ಹೋಯಿತು. ಆಗ ತಾನೇ ಮೊದಲು ಕಂಡದ್ದು ನೀರೇ ಎಂದು ಖಾತ್ರಿ? ಮೀಮಾಂಸಕರು ತಿರುಗಿ ಕೇಳುತ್ತಾರೆ: ಬಾಯಾರಿಕೆ ಹೋಯಿತು ಎನ್ನುವುದೂ ಒಂದು ತಿಳಿವಳಿಕೆಯೇ ಅಲ್ವಾ? ಅದಕ್ಕೆ ಖಾತ್ರಿ ಕೊಡುವವರು ಯಾರು? ಅದಕ್ಕೆ ಮೂರನೆಯದು ಬೇಕು, ಮೂರನೆಯದಕ್ಕೆ ನಾಲ್ಕನೆಯದು. ಎಲ್ಲೋ ಒಂದು ಕಡೆ ತಾನಾಗಿ ನಿಲ್ಲುವ ತಿಳಿವಳಿಕೆಯನ್ನು ಒಪ್ಪಲೇಬೇಕು. ಹಾಗಾದರೆ ಮೊದಲನೆಯದರಲ್ಲೇ ಯಾಕೆ ಒಪ್ಪಬಾರದು? ನನ್ನ ಮಟ್ಟಿಗೆ ಮೀಮಾಂಸೆಯ ಅತ್ಯಂತ ಗಟ್ಟಿಯಾದ ಜಾಗ ಇದು. ನಾವು ದಿನವಿಡೀ ಬದುಕುವುದೂ ಹೀಗೆಯೇ.

ಈಗ ವೇದಕ್ಕೆ ಬರೋಣ. “ಸ್ವರ್ಗ ಬೇಕಾದವನು ಅಗ್ನಿಹೋತ್ರ ಮಾಡಬೇಕು” ಎಂಬ ವಾಕ್ಯ ಕಿವಿಗೆ ಬಿತ್ತು. ಅರ್ಥ ಆಯಿತು. ತಿಳಿವಳಿಕೆ ಹುಟ್ಟಿತು. ಇದನ್ನು ಕೆಡವುವುದು ಹೇಗೆ? ಬಾಧಕ ಸಿಗುವುದಿಲ್ಲ. ಅಗ್ನಿಹೋತ್ರದಿಂದ ಸ್ವರ್ಗ ಬರುವುದಿಲ್ಲ ಎಂದು ಯಾರೂ ಕಣ್ಣಾರೆ ಕಂಡಿಲ್ಲ, ಕಾಣಲೂ ಆಗದು. ಉಳಿದದ್ದು ಮೂಲದ ದೋಷ. ಮಾತಿನಲ್ಲಿ ದೋಷ ಎಲ್ಲಿಂದ ಬರುತ್ತದೆ? ಜೈಮಿನಿಯ ಮೀಮಾಂಸಾಸೂತ್ರಗಳಿಗೆ ಬರೆದ ಭಾಷ್ಯದಲ್ಲಿ ಶಬರಸ್ವಾಮಿ ಒಂದು ಸಣ್ಣ ಉದಾಹರಣೆ ಕೊಡುತ್ತಾನೆ: “ನದಿಯ ದಡದಲ್ಲಿ ಹಣ್ಣುಗಳಿವೆ” ಎಂದು ಯಾರೋ ಹೇಳುತ್ತಾರೆ. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಸುಳ್ಳಾದರೆ ತಪ್ಪು ಶಬ್ದದ್ದಲ್ಲ. ಹೇಳಿದವನು ನೋಡಿರಲಿಲ್ಲ, ಇಲ್ಲವೇ ಬೇಕೆಂದೇ ನಮ್ಮನ್ನು ದಾರಿ ತಪ್ಪಿಸಿದ. ಅಂದರೆ ಮಾತಿನ ದೋಷವೆಲ್ಲ ಆಡಿದವನಿಂದ ಬಂದದ್ದು. ಆಡಿದವನೇ ಇಲ್ಲದ ಮಾತಿದ್ದರೆ ದೋಷಕ್ಕೆ ನಿಲ್ಲಲು ಜಾಗವೇ ಇಲ್ಲ.

‘ಅಪೌರುಷೇಯ’, ಅಂದರೆ ಯಾರೂ ರಚಿಸದ್ದು, ಎಂಬ ಪದ ಕೆಲಸ ಮಾಡುವುದು ಇಲ್ಲಿ, ಇಷ್ಟೇ ಕೆಲಸ. ಕರ್ತೃ ಇಲ್ಲದ್ದರಿಂದ ವೇದ ನಿಜವಾಯಿತು ಎಂದು ಕುಮಾರಿಲರು ಹೇಳುವುದಿಲ್ಲ. ನಿಜ ಎನ್ನುವುದು ಎಲ್ಲ ತಿಳಿವಳಿಕೆಗೂ ಇರುವ ಹಾಗೆ ಇದಕ್ಕೂ ಮೊದಲೇ ಇದೆ. ಕರ್ತೃ ಇಲ್ಲ ಎಂಬುದು ಅನುಮಾನ ಒಳಗೆ ಬರುವ ಬಾಗಿಲನ್ನು ಮುಚ್ಚುತ್ತದೆ, ಅಷ್ಟೇ. ಹಾಗಾಗಿ ನೀವು ಹೇಳಿದ ಸುತ್ತು ವಾದ ಇಲ್ಲಿ ಇಲ್ಲ.

ಆದರೆ ಭಾರವೆಲ್ಲ ಈಗ ಆ ಬಾಗಿಲ ಮೇಲೆ ಬಿತ್ತು. ಕರ್ತೃ ಇಲ್ಲ ಎಂದು ಗೊತ್ತಾದದ್ದು ಹೇಗೆ?

ಅವರ ಮುಖ್ಯ ಉತ್ತರ ನೆನಪಿನದು. ಕರ್ತೃ ಇದ್ದಿದ್ದರೆ ನೆನಪಿರಲೇಬೇಕಿತ್ತು, ನೆನಪಿಲ್ಲ, ಆದ್ದರಿಂದ ಇರಲಿಲ್ಲ. ಕೇಳಿದೊಡನೆ ಇದು ಸಡಿಲವಾಗಿ ಕಾಣುತ್ತದೆ. ಶಬರ ಕೊಡುವ ಉದಾಹರಣೆ ನೋಡಿದರೆ ಸ್ವಲ್ಪ ಬಿಗಿಯಾಗುತ್ತದೆ. ವ್ಯಾಕರಣದಲ್ಲಿ ‘ವೃದ್ಧಿ’ ಎಂದರೆ ಆ, ಐ, ಔ ಎಂಬ ಸ್ವರಗಳು. ಛಂದಸ್ಸಿನಲ್ಲಿ ‘ಮ’ ಎಂದರೆ ಮೂರೂ ಗುರು ಇರುವ ಗಣ. ಪಾಣಿನಿಯನ್ನು ಮತ್ತು ಪಿಂಗಲನನ್ನು ಮರೆತು ಈ ಪದಗಳನ್ನು ಬಳಸಲು ಆಗುವುದಿಲ್ಲ. ಯಾಕೆಂದರೆ ಆ ಅರ್ಥವನ್ನು ಗೊತ್ತು ಮಾಡಿದವರು ಅವರು, ಅವರ ಮಾತಿನ ಮೇಲೆ ಆ ವ್ಯವಹಾರ ನಿಂತಿದೆ. ವೇದದ್ದೂ ಹಾಗೆಯೇ ಎಂದು ವಾದ. ಇಷ್ಟು ಖರ್ಚು ಮಾಡಿ, ಇಷ್ಟು ಕಷ್ಟಪಟ್ಟು ಯಾಗ ಮಾಡುವವನು ಯಾರ ಮಾತು ನಂಬಿ ಮಾಡುತ್ತಿದ್ದೇನೆ ಎಂದು ನೆನಪಿಟ್ಟುಕೊಳ್ಳದೆ ಇರುತ್ತಾನೆಯೇ? ಸುಮ್ನೆ ಮರೆತುಹೋಗುವ ಹೆಸರಲ್ಲ ಅದು.

ಎದುರಾಳಿಗಳು ಹಾಳುಬಿದ್ದ ಬಾವಿಯ ಕಡೆ ಕೈ ತೋರಿಸುತ್ತಾರೆ. ತೋಡಿದವನು ಯಾರೆಂದು ಊರಿನಲ್ಲಿ ಯಾರಿಗೂ ನೆನಪಿಲ್ಲ. ಹಾಗಂತ ಬಾವಿ ತಾನೇ ಹುಟ್ಟಿತೇ? ಇದಕ್ಕೆ ಮೀಮಾಂಸಕರ ಕಡೆಯಿಂದ ಹೇಳಬಹುದಾದದ್ದು ಇಷ್ಟು: ನೀರು ಸೇದುವವನಿಗೆ ಬಾವಿ ತೋಡಿದವನ ಹೆಸರು ಬೇಕಿಲ್ಲ. ಮಾತು ನಂಬುವವನಿಗೆ ಹೇಳಿದವನು ಬೇಕು. ಈ ವ್ಯತ್ಯಾಸ ನಿಜ. ಆದರೆ ಅದರಿಂದ ‘ಮರೆಯುವ ಸಾಧ್ಯತೆ ಕಡಿಮೆ’ ಎಂದಾಗುತ್ತದೆಯೇ ಹೊರತು ‘ಸಾಧ್ಯವೇ ಇಲ್ಲ’ ಎಂದಾಗುವುದಿಲ್ಲ.

ಕುಮಾರಿಲರದ್ದು ಇನ್ನೊಂದು ವಾದವಿದೆ. ಇಂದಿನ ವಿದ್ಯಾರ್ಥಿ ಗುರುವಿನಿಂದ ಕೇಳಿ ವೇದ ಕಲಿಯುತ್ತಾನೆ. ಹಿಂದಿನ ಪ್ರತಿ ಅಧ್ಯಯನವೂ ಹೀಗೆಯೇ ಗುರುವಿನ ಅಧ್ಯಯನವನ್ನು ಅನುಸರಿಸಿಯೇ ಬಂದದ್ದು. ಈ ಸರಪಳಿಗೆ ಮೊದಲ ಕೊಂಡಿ ಇಲ್ಲ. ಜಗತ್ತೆಲ್ಲ ಒಮ್ಮೆ ನಾಶವಾಗಿ ಮತ್ತೆ ಹುಟ್ಟಿತು ಎಂಬುದನ್ನೂ ಅವರು ಒಪ್ಪುವುದಿಲ್ಲ, ಜಗತ್ತು ಯಾವಾಗಲೂ ಹೀಗೇ ಇತ್ತು. ಸೃಷ್ಟಿ ಮಾಡಿದ ದೇವರೂ ಇಲ್ಲ. ಇದು ಎಷ್ಟೋ ಜನರಿಗೆ ಆಶ್ಚರ್ಯ ತರುತ್ತದೆ. ವೇದವನ್ನು ಇಷ್ಟು ಗಟ್ಟಿಯಾಗಿ ಹಿಡಿದವರು ಅದನ್ನು ದೇವರ ಕೈಗೂ ಕೊಡಲಿಲ್ಲ. ಹಾಗಾದರೆ ಮಹಾಭಾರತದ ಬಗ್ಗೆಯೂ ಇದೇ ಮಾತು ಹೇಳಬಹುದಲ್ಲ ಎಂದರೆ, ಅಲ್ಲಿ ವ್ಯಾಸರು ಕರ್ತೃ ಎಂದು ಗಟ್ಟಿಯಾದ ನೆನಪಿದೆ ಎನ್ನುತ್ತಾರೆ. ಬೌದ್ಧರ ಆಗಮಕ್ಕೂ ಬುದ್ಧ ಕರ್ತೃ ಎಂದು ಬೌದ್ಧರೇ ಹೇಳುತ್ತಾರೆ. ಕೊನೆಗೆ ಎಲ್ಲವೂ ತಿರುಗಿ ನೆನಪಿನ ಮೇಲೆಯೇ ಬಂದು ಕೂರುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ವೇದದೊಳಗಿನ ಹೆಸರುಗಳು. ಇದನ್ನು ಜೈಮಿನಿ ತಾನೇ ಎತ್ತಿಕೊಂಡಿದ್ದಾನೆ. ಅವನ ಸೂತ್ರಗ್ರಂಥದ ಮೊದಲ ಅಧ್ಯಾಯದ ಮೊದಲ ಪಾದದ ಕೊನೆಯ ಆರು ಸೂತ್ರಗಳು, 27ರಿಂದ 32ರವರೆಗೆ, ಇದೇ ಜಗಳ. ಎದುರಾಳಿ ಎರಡು ಸಾಕ್ಷಿ ತರುತ್ತಾನೆ. ವೇದದ ಪಾಠಪರಂಪರೆಗಳಾದ ಶಾಖೆಗಳಿಗೆ ಕಾಠಕ, ಕಾಲಾಪಕ ಎಂದು ವ್ಯಕ್ತಿಗಳ ಹೆಸರಿದೆ. ಕಠ ಎಂಬವನು ರಚಿಸಿದ್ದಕ್ಕೇ ಕಾಠಕ ತಾನೇ? ಜೊತೆಗೆ ವೇದದೊಳಗೇ ಹುಟ್ಟಿ ಸತ್ತ ಮನುಷ್ಯರ ಪ್ರಸ್ತಾಪ ಇದೆ. ಅವರು ಹುಟ್ಟುವ ಮೊದಲು ಆ ವಾಕ್ಯ ಇರಲು ಹೇಗೆ ಸಾಧ್ಯ?

ಮೊದಲನೆಯದಕ್ಕೆ ಉತ್ತರ ಸುಲಭ. ಹೆಸರು ಬಂದದ್ದು ರಚಿಸಿದ್ದಕ್ಕಲ್ಲ, ಪಾಠ ಹೇಳಿದ್ದಕ್ಕೆ. ವೈಶಂಪಾಯನರು ಎಲ್ಲ ಶಾಖೆ ಓದಿದವರು ಎಂದು ಪ್ರಸಿದ್ಧಿ. ಕಠ ಈ ಒಂದೇ ಶಾಖೆಯನ್ನು ಪಾಠ ಹೇಳಿದ, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇದನ್ನು ಒಪ್ಪಲು ಕಷ್ಟವಿಲ್ಲ. ನಮ್ಮಲ್ಲೂ ಇಂಥವರ ಪಾಠ, ಇಂಥವರ ಬಾನಿ ಎನ್ನುತ್ತೇವೆ. ಹೆಸರಾದವರು ಅದನ್ನು ಹುಟ್ಟಿಸಿದವರೇ ಆಗಬೇಕಿಲ್ಲ.

ಎರಡನೆಯದು ಕಷ್ಟದ್ದು. ತೈತ್ತಿರೀಯ ಸಂಹಿತೆಯ ಏಳನೇ ಕಾಂಡದಲ್ಲಿ “ಬಬರಃ ಪ್ರಾವಾಹಣಿರಕಾಮಯತ” ಎಂಬ ವಾಕ್ಯ ಬರುತ್ತದೆ. ಪ್ರವಾಹಣನ ಮಗ ಬಬರ, ತಾನು ಒಳ್ಳೆಯ ಮಾತುಗಾರನಾಗಬೇಕೆಂದು ಬಯಸಿದ ಎಂದು ಸಹಜ ಅರ್ಥ. ಅಪ್ಪನ ಹೆಸರಿದೆ, ಮಗನ ಹೆಸರಿದೆ, ಆಸೆಯೂ ಇದೆ. ಜೈಮಿನಿಯ ಉತ್ತರ, ಇದು ಬರೀ ಶಬ್ದದ ಹೋಲಿಕೆ ಎಂದು. ಶಬರ ಬಿಡಿಸಿ ಹೇಳುತ್ತಾನೆ: ಪ್ರವಾಹಣ ಎಂಬ ಪುರುಷ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಅವನ ಮಗ ಎಂಬ ಅರ್ಥ ಸಲ್ಲದು. ‘ಪ್ರ’ ಎಂದರೆ ಚೆನ್ನಾಗಿ, ‘ವಹ್’ ಎಂದರೆ ಒಯ್ಯು. ಕೊನೆಯ ಇಕಾರ ಮಗ ಎಂಬ ಅರ್ಥ ಕೊಡುವ ಹಾಗೆ ಮಾಡುವವನು ಎಂಬ ಅರ್ಥವನ್ನೂ ಕೊಡುತ್ತದೆ. ಅಲ್ಲಿಗೆ ಪ್ರಾವಾಹಣಿ ಎಂದರೆ ಚೆನ್ನಾಗಿ ಒಯ್ಯುವಂಥದ್ದು. ‘ಬಬರ’ ಎನ್ನುವುದು ಒಂದು ಸದ್ದಿನ ಅನುಕರಣೆ. ವಿಜಯನಗರದ ಕಾಲದಲ್ಲಿ ಸಾಯಣರು ಇದನ್ನು ಬಿಚ್ಚಿ, ಬಬರ ಎಂದು ಸದ್ದು ಮಾಡುತ್ತ ಬೀಸುವ ಗಾಳಿ ಎಂದರು. ಗಾಳಿ ಯಾವ ಕಾಲದಲ್ಲೂ ಇದೆ, ಹಾಗಾಗಿ ವೇದಕ್ಕೂ ತೊಂದರೆ ಇಲ್ಲ.

ನಾನು ಈ ಭಾಗ ಪಾಠ ಹೇಳಿಸಿಕೊಂಡದ್ದು ಮಳೆಗಾಲದಲ್ಲಿ. ಕಿಟಕಿಯಾಚೆ ತೋಟದಲ್ಲಿ ಅಡಿಕೆ ಮರಗಳು ತೂಗುತ್ತಿದ್ದವು. ಗುರುಗಳು ಪುಸ್ತಕ ಮುಚ್ಚಿ “ಕೇಳು” ಎಂದರು. ಒಂದು ನಿಮಿಷ ಇಬ್ಬರೂ ಸುಮ್ಮನೆ ಕೂತೆವು. ಗರಿಗಳ ನಡುವೆ ಗಾಳಿ ನಿಜವಾಗಿಯೂ ಬಬರ ಬಬರ ಎಂದ ಹಾಗೆ ಕೇಳಿಸಿತು. ನನಗೆ ಮೈ ಜುಮ್ಮೆಂದಿತು. ಆಮೇಲೆ ಅವರೇ ಕೇಳಿದರು, “ಹಾಗಾದರೆ ಛಾಂದೋಗ್ಯದ ಪ್ರವಾಹಣ ಯಾರು?”

ಅದೇ ಪ್ರಶ್ನೆ. ಛಾಂದೋಗ್ಯದ ಐದನೇ ಅಧ್ಯಾಯದಲ್ಲೂ ಬೃಹದಾರಣ್ಯಕದ ಆರನೆಯದರಲ್ಲೂ ಪ್ರವಾಹಣ ಜೈವಲಿ ಎಂಬವನು ಬರುತ್ತಾನೆ. ಪಂಚಾಲರ ನಾಡಿನ ರಾಜ. ಶ್ವೇತಕೇತುವನ್ನು ಐದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸಿದವನು. ಬಬರನ ಅಪ್ಪ ಇವನೇ ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರವಾಹಣ ಎಂಬುದು ಮನುಷ್ಯನ ಹೆಸರಾಗಿ ಗೊತ್ತೇ ಇಲ್ಲ ಎಂಬ ಶಬರನ ಮಾತು ನಿಲ್ಲುವುದು ಕಷ್ಟ. ಅಲ್ಲಿಯೂ ಗಾಳಿ ಎನ್ನುತ್ತೀರಾ? ಗಾಳಿ ಶ್ವೇತಕೇತುವಿನ ಜೊತೆ ಚರ್ಚೆ ಮಾಡಿತೇ? ಕರ್ಮದ ವಿಧಿ ಹೇಳದ ಇಂಥ ಕಥೆಗಳು ಹೊಗಳಿಕೆಯ ಮಾತುಗಳು, ಅರ್ಥವಾದ, ಅವುಗಳ ಅಕ್ಷರಾರ್ಥ ಹಿಡಿಯಬೇಡಿ ಎಂದು ಮೀಮಾಂಸಕರು ಜಾರಿಕೊಳ್ಳಬಹುದು. ಋಗ್ವೇದದಲ್ಲಿ ಕವಿಯೇ, ಕುಶಲಿ ರಥ ಮಾಡುವಂತೆ ಈ ಸ್ತೋತ್ರವನ್ನು ಮಾಡಿದೆ ಎನ್ನುತ್ತಾನೆ (5.2.11). ಅದಕ್ಕೂ ಇದೇ ಉತ್ತರ ಬರುತ್ತದೆ. ನನಗೆ ಈ ಉತ್ತರ ಸಾಕಾಗುವುದಿಲ್ಲ. ವೇದದ ಭಾಷೆ ಮಂಡಲದಿಂದ ಮಂಡಲಕ್ಕೆ ಬದಲಾಗುವುದನ್ನು ಕಂಡ ಮೇಲೆ, ಅದು ಬೇರೆಬೇರೆ ಕಾಲದ ಕವಿಗಳ ರಚನೆ ಎಂದೇ ನಾನು ತಿಳಿದಿದ್ದೇನೆ.

ಆದರೆ ಮೀಮಾಂಸೆಗೆ ಅತಿ ದೊಡ್ಡ ಏಟು ಕೊಟ್ಟದ್ದು ಈ ಹೆಸರುಗಳಲ್ಲ. ಬೌದ್ಧ ಧರ್ಮಕೀರ್ತಿ ಪ್ರಮಾಣವಾರ್ತಿಕದಲ್ಲಿ ಬೇರೆ ಕಡೆಯಿಂದ ಬಂದ. ಮೊದಲು ಅವನು ತಕ್ಕಡಿಯನ್ನು ತಿರುಗಿಸಿ ಹಿಡಿಯುತ್ತಾನೆ. ಮಾತು ಸುಳ್ಳಾಗಲು ಕಾರಣವಾದ ದೋಷಗಳು ಮನುಷ್ಯನಲ್ಲಿವೆ, ಸರಿ. ಮಾತು ನಿಜವಾಗಲು ಕಾರಣವಾದ ಗುಣಗಳು, ಕರುಣೆ, ತಿಳಿವಳಿಕೆ, ಅವೂ ಮನುಷ್ಯನಲ್ಲೇ ಅಲ್ವಾ ಇರುವುದು? ಮನುಷ್ಯನನ್ನು ತೆಗೆದರೆ ಎರಡೂ ಹೋದವು. ಹಾಗಿರುವಾಗ ವೇದವನ್ನು ಸುಳ್ಳು ಎಂದೇ ಯಾಕೆ ಹೇಳಬಾರದು? ಇದಕ್ಕೆ ಕುಮಾರಿಲರ ಚೌಕಟ್ಟಿನಲ್ಲಿ ಉತ್ತರವಿದೆ. ಗುಣಗಳು ನಿಜವನ್ನು ಹುಟ್ಟಿಸುವುದಿಲ್ಲ, ದೋಷವನ್ನು ದೂರ ಇಡುತ್ತವೆ ಅಷ್ಟೇ. ನಿಜ ಮೊದಲೇ ಇದೆ. ಸ್ವತಃ ಪ್ರಾಮಾಣ್ಯ ಒಪ್ಪಿದವರಿಗೆ ಈ ಏಟು ತಗಲುವುದಿಲ್ಲ.

ಅವನ ಎರಡನೇ ಏಟು ತಗಲುತ್ತದೆ. “ಸ್ವರ್ಗ ಬೇಕಾದವನು ಅಗ್ನಿಹೋತ್ರ ಮಾಡಬೇಕು” ಎಂಬ ವಾಕ್ಯದ ಅರ್ಥ “ನಾಯಿಯ ಮಾಂಸ ತಿನ್ನಬೇಕು” ಎಂದಲ್ಲ ಎನ್ನಲು ಏನು ಪ್ರಮಾಣ? ಕೇಳಲು ಒರಟು, ಆದರೆ ಸುಮ್ಮನೆ ಕೆಣಕುವ ಮಾತಲ್ಲ. ಶಬ್ದಗಳು ತಾವಾಗಿ ‘ನನ್ನ ಅರ್ಥ ಇದು, ಅದಲ್ಲ’ ಎಂದು ಕೂಗಿ ಹೇಳುವುದಿಲ್ಲ. ಮಾತಾಡಿದವನು ಇದ್ದರೆ ಅವನನ್ನು ಕೇಳಬಹುದು, ಅವನ ಉದ್ದೇಶ ಊಹಿಸಬಹುದು. ಇಲ್ಲಿ ಆಡಿದವನೇ ಇಲ್ಲ. ಹಾಗಾದರೆ ಅರ್ಥ ಹೇಳುವವರು ಯಾರು? ಜೈಮಿನಿ, ಶಬರ, ಮತ್ತು ಪಾಠ ಹೇಳುವ ಗುರುಗಳು. ಇವರೆಲ್ಲ ಮನುಷ್ಯರು. ಯಾರ ದೋಷಕ್ಕೆ ಹೆದರಿ ಬಾಗಿಲು ಮುಚ್ಚಿದರೋ ಅವರೇ ಹಿತ್ತಲಿನಿಂದ ಒಳಗೆ ಬಂದಾಯಿತು.

ಮೀಮಾಂಸಕರ ಉತ್ತರ ಮಗುವಿನಿಂದ ಶುರುವಾಗುತ್ತದೆ. ಹಿರಿಯ “ಹಸು ತಾ” ಎನ್ನುತ್ತಾನೆ, ಕಿರಿಯ ಹೋಗಿ ಹಸು ತರುತ್ತಾನೆ. “ಕುದುರೆ ತಾ” ಎಂದರೆ ಕುದುರೆ ತರುತ್ತಾನೆ. ನೋಡುತ್ತ ಕೂತ ಮಗು ಯಾವ ಪದಕ್ಕೆ ಏನರ್ಥ ಎಂದು ತಾನೇ ಕಲಿಯುತ್ತದೆ. ಪದ ಮತ್ತು ಅರ್ಥದ ನಂಟು ಹೀಗೆ ತಲೆಮಾರಿನಿಂದ ತಲೆಮಾರಿಗೆ ಬಂದದ್ದು, ಯಾರೋ ಕೂತು ಗೊತ್ತು ಮಾಡಿದ್ದಲ್ಲ. ಲೋಕದ ಪದಗಳೇ ವೇದದ ಪದಗಳು. ಅಗ್ನಿ ಎಂದರೆ ಇಲ್ಲಿ ಬೆಂಕಿ, ಅಲ್ಲಿಯೂ ಬೆಂಕಿ. ನಾಯಿ ಮಾಂಸದ ಮಾತು ಎಲ್ಲಿಂದ ಬಂತು?

ಈ ಉತ್ತರ ಅಗ್ನಿಗೆ ಸರಿ. ಸ್ವರ್ಗಕ್ಕೆ? ಜನ ಸ್ವರ್ಗ ಎಂದರೆ ಅಪ್ಸರೆಯರಿರುವ ಒಂದು ಲೋಕ ಎಂದುಕೊಳ್ಳುತ್ತಾರೆ. ಮೀಮಾಂಸಕರೋ, ಸ್ವರ್ಗ ಎಂದರೆ ಜಾಗವಲ್ಲ, ಪ್ರೀತಿ, ಅಂದರೆ ಸುಖ ಎನ್ನುತ್ತಾರೆ. ಧರ್ಮಕೀರ್ತಿ ಇದನ್ನೇ ಹಿಡಿದ. ಲೋಕದ ಬಳಕೆಯೇ ಅರ್ಥ ಎಂದವರು ನೀವು, ನಿಮಗೆ ಬೇಕಾದ ಕಡೆ ಲೋಕದ ಬಳಕೆ ಬಿಟ್ಟು ಬೇರೆ ಅರ್ಥ ಹೇಳುತ್ತೀರಿ. ಬಬರನನ್ನು ಗಾಳಿ ಮಾಡಿದ್ದೂ ಅದೇ ತಾನೇ? ನಾನು ಎಷ್ಟು ಸಲ ಓದಿದರೂ ಮೀಮಾಂಸೆಯ ಈ ಬಿರುಕು ಮುಚ್ಚಿದ್ದು ಕಾಣುವುದಿಲ್ಲ. ತಿಳಿವಳಿಕೆ ತಾನಾಗಿ ನಿಲ್ಲುತ್ತದೆ, ಒಪ್ಪುತ್ತೇನೆ. ಆದರೆ ಯಾವ ತಿಳಿವಳಿಕೆ? ವಾಕ್ಯ ಕೇಳಿದ ಜನಸಾಮಾನ್ಯನದ್ದೋ, ಶಬರನದ್ದೋ?

ನೈಯಾಯಿಕರು ಈ ತೊಡಕಿನಿಂದ ತಪ್ಪಿಸಿಕೊಳ್ಳಲು ವೇದಕ್ಕೆ ಈಶ್ವರನೇ ಕರ್ತೃ ಎಂದರು. ಎಲ್ಲವನ್ನೂ ಬಲ್ಲವನು, ಮೋಸ ಮಾಡದವನು ಹೇಳಿದ್ದು, ಆದ್ದರಿಂದ ಪ್ರಮಾಣ.

ನಿಮ್ಮ ತಾತನ ಮಾತು ಇಲ್ಲಿಂದ ಬೇರೆ ದಾರಿ ಹಿಡಿಯುತ್ತದೆ. 13ನೇ ಶತಮಾನದ ಮಧ್ವಾಚಾರ್ಯರಿಗೆ ಈಶ್ವರ ಇದ್ದಾನೆ, ಸರ್ವಜ್ಞನೂ ಹೌದು. ಆದರೂ ವೇದಕ್ಕೆ ಅವನು ಕರ್ತೃ ಎಂದು ಅವರು ಒಪ್ಪಲಿಲ್ಲ. ವಿಷ್ಣುತತ್ತ್ವವಿನಿರ್ಣಯದಲ್ಲಿ ಅವರು ಕೊಡುವ ಕಾರಣ ಲೆಕ್ಕಾಚಾರದ್ದು. ಕರ್ತೃವಿದ್ದಾನೆ ಎಂದರೆ ಮೂರು ವಿಷಯ ಕಲ್ಪಿಸಿಕೊಳ್ಳಬೇಕು: ಅವನು ಎಲ್ಲ ಬಲ್ಲವನು, ಅವನು ಮೋಸ ಮಾಡುವವನಲ್ಲ, ಈ ಗ್ರಂಥ ಅವನದ್ದೇ. ಕರ್ತೃ ಇಲ್ಲ ಎಂದರೆ ಈ ಮೂರರಲ್ಲಿ ಒಂದೂ ಬೇಡ. ಅವರಲ್ಲಿ ದೇವರು ಪ್ರತಿ ಸೃಷ್ಟಿಯಲ್ಲೂ ಅದೇ ವೇದವನ್ನು ಅದೇ ಕ್ರಮದಲ್ಲಿ ಪಾಠ ಹೇಳುತ್ತಾನೆ, ಒಂದಕ್ಷರ ಬದಲಿಸದೆ. ಸ್ವತಃ ಪ್ರಾಮಾಣ್ಯಕ್ಕೂ ಅವರು ಒಂದು ನೆಲೆ ಕೊಟ್ಟರು. ತಿಳಿವಳಿಕೆಯನ್ನೂ ಅದು ಸರಿ ಎಂಬುದನ್ನೂ ಒಟ್ಟಿಗೆ ಹಿಡಿಯುವುದು ನಮ್ಮೊಳಗಿನ ಸಾಕ್ಷಿ. ಮಳಖೇಡದ ಜಯತೀರ್ಥರು ಇದಕ್ಕೆ ಟೀಕೆ ಬರೆದರು. 1539ರಲ್ಲಿ ಹಂಪಿಯ ಬಳಿ ವೃಂದಾವನಸ್ಥರಾದ ವ್ಯಾಸತೀರ್ಥರು ತರ್ಕತಾಂಡವವನ್ನು ಈ ಪ್ರಾಮಾಣ್ಯದ ಚರ್ಚೆಯಿಂದಲೇ ಶುರು ಮಾಡಿ, ನವ್ಯನ್ಯಾಯದ ಗಂಗೇಶನನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸುತ್ತಾರೆ.

ಹಾಗಾಗಿ “ಕರ್ತೃ ಇಲ್ಲ” ಎಂದು ನಿಮ್ಮ ತಾತ ಹೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ದೇವರಿಲ್ಲದ ಕುಮಾರಿಲರ ಜಗತ್ತಲ್ಲ. ದೇವರೇ ಮೇಷ್ಟ್ರಾಗಿ ಕೂತು, ತಾನು ರಚಿಸದ ಪಾಠವನ್ನು ಮತ್ತೆ ಮತ್ತೆ ಹೇಳಿಕೊಡುವ ಜಗತ್ತು.